ಅಕ್ಕನ ಫೋನಿನಲ್ಲೇ ಓಡುವ ಮಾಡೆಲ್

ನನ್ನ ಅಕ್ಕ ಆಪ್ತಸಮಾಲೋಚಕಿ. ದಿನಕ್ಕೆ ಐದಾರು ಜನ ಬರುತ್ತಾರೆ. ಪ್ರತಿಯೊಬ್ಬರು ಹೋದ ಮೇಲೂ ಫೋನಿನಲ್ಲಿ ಒಂದು ಪುಟದಷ್ಟು ಬರೆದಿಡುತ್ತಾಳೆ. ಮುಂದಿನ ಸಲ ಅವರು ಬರುವ ಮೊದಲು ಅದರಲ್ಲಿ ಮುಖ್ಯವಾದ ನಾಲ್ಕು ಸಾಲು ಬೇಕು. "ಎಐಗೆ ಕೊಟ್ರೆ ಮಾಡಿಕೊಡುತ್ತಂತೆ, ಆದರೆ ಇದನ್ನೆಲ್ಲ ಹೊರಗೆ ಕಳಿಸೋಕೆ ನನಗೆ ಮನಸ್ಸಿಲ್ಲ ಕಣೋ" ಎಂದಳು. ಸರಿಯೇ. ಯಾರ ಮನೆಯಲ್ಲಿ ಏನು ಜಗಳ ಅನ್ನುವುದು ಬೇರೆಯವರ ಸರ್ವರ್‌ಗೆ ಯಾಕೆ ಹೋಗಬೇಕು?

ಅವಳದು 8 ಜಿಬಿ ರ‍್ಯಾಮ್ ಇರುವ ಆಂಡ್ರಾಯ್ಡ್ ಫೋನ್. ಅದರಲ್ಲಿ ಲಿನಕ್ಸ್ ಆಜ್ಞೆಗಳನ್ನು ಓಡಿಸುವ ಟರ್ಮಕ್ಸ್ ಆ್ಯಪ್ ಹಾಕಿ, ಮಾಡೆಲ್ ಓಡಿಸುವ llama.cpp ಎಂಬ ತಂತ್ರಾಂಶ ಕಟ್ಟಿದೆ. ಇನ್ನು ಮಾಡೆಲ್ ಯಾವುದು? ಮೊದಲು ಗೂಗಲ್‌ನ ಜೆಮ್ಮಾ 3ರ ಚಿಕ್ಕ ಮಾಡೆಲ್ 1ಬಿ ನೋಡಿದೆ. ಫೈಲ್ ಒಂದು ಜಿಬಿಗಿಂತ ಚಿಕ್ಕದು, ಚುರುಕಾಗಿಯೂ ಓಡಿತು. ಆದರೆ ಅದರ ಕನ್ನಡ ಕೈ ಕೊಟ್ಟಿತು. ಕೊನೆಗೆ 4ಬಿಗೆ ಬಂದೆ. ಅದರಲ್ಲಿ ಸುಮಾರು 400 ಕೋಟಿ ಅಂಕಿಗಳಿವೆ. ಒಂದೊಂದನ್ನೂ 16 ಬಿಟ್‌ನಲ್ಲಿ ಇಟ್ಟರೆ 8 ಜಿಬಿ ಆಗುತ್ತದೆ, ಫೋನಿಗೆ ಹಿಡಿಸುವುದೇ ಇಲ್ಲ. ಹೆಚ್ಚಿನವನ್ನು 4 ಬಿಟ್‌ಗೆ ಇಳಿಸಿದ ಫೈಲ್ ಸುಮಾರು 2.5 ಜಿಬಿ.

```
./build/bin/llama-cli -m gemma-3-4b-it-Q4_K_M.gguf -t 4 -c 4096 -f note.txt
```

note.txtನಲ್ಲಿ ಮೇಲೆ ನನ್ನ ಸೂಚನೆ, ಕೆಳಗೆ ಅಕ್ಕನ ಟಿಪ್ಪಣಿ. `-t 4` ಎಂದರೆ ನಾಲ್ಕು ಕೋರ್ ಸಾಕು ಎಂದು. ಎಂಟೂ ಕೊಟ್ಟಾಗ ನಿಧಾನವಾಯಿತು, ಯಾಕೆಂದರೆ ಚುರುಕು ಕೋರ್‌ಗಳು ಸಣ್ಣ ಕೋರ್‌ಗಳ ಕೆಲಸ ಮುಗಿಯಲಿ ಎಂದು ಕಾಯುತ್ತಾ ಕೂತಿದ್ದವು. `-c` ಎಂದರೆ ಒಮ್ಮೆಗೆ ಎಷ್ಟು ಉದ್ದದ ಪಠ್ಯ ಹಿಡಿಸಬೇಕು ಎಂದು. ಅಲ್ಲಿ ಮೊದಲು ಲ್ಯಾಪ್‌ಟಾಪಿನ ಅಭ್ಯಾಸದಂತೆ 32768 ಕೊಟ್ಟಿದ್ದೆ. ಅಷ್ಟು ಉದ್ದದ ಪಠ್ಯಕ್ಕೆ ಮೊದಲೇ ಜಾಗ ಹಿಡಿಯಬೇಕಲ್ಲ, ರ‍್ಯಾಮ್ ತುಂಬಿಹೋಯಿತು. ಪರದೆಯಲ್ಲಿ `signal 9` ಎಂದು ಬಂದು ಎಲ್ಲ ನಿಂತಿತು. ಅದು ಕಂಡರೆ ಮಾಡೆಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದನ್ನು ಹೊರಗೆ ಹಾಕಿರುವುದು ಆಂಡ್ರಾಯ್ಡ್.

ಕನ್ನಡಕ್ಕೇ ಇರುವ ಒಂದು ತೊಡಕು ಬೇರೆ ಇದೆ. ಮಾಡೆಲ್ ಪದವನ್ನು ಟೋಕನ್ ಎಂಬ ತುಂಡುಗಳಾಗಿ ಓದುತ್ತದೆ. ಇಂಗ್ಲಿಷಿನ 'ಸ್ಲೀಪ್' ಐದು ಬೈಟ್, ಸಾಮಾನ್ಯವಾಗಿ ಒಂದೇ ತುಂಡು. ನಮ್ಮ 'ನಿದ್ದೆ' ಹದಿನೆಂಟು ಬೈಟ್. ಮಾಡೆಲ್ಲಿನ ಪಟ್ಟಿಯಲ್ಲಿ ಕನ್ನಡದ ತುಂಡುಗಳು ಕಡಿಮೆ ಇದ್ದರೆ ಪದ ಪುಡಿಪುಡಿಯಾಗುತ್ತದೆ. ಜೆಮ್ಮಾ 3ರ ಪಟ್ಟಿಯಲ್ಲಿ 2.6 ಲಕ್ಷ ತುಂಡುಗಳಿವೆ, ಹಾಗಾಗಿ ಸ್ವಲ್ಪ ವಾಸಿ. ಆದರೂ ಅಕ್ಕನ ಒಂದು ಪುಟ ಹತ್ತಿರ ಹತ್ತಿರ 1,500 ಟೋಕನ್ ಆಗುತ್ತದೆ. ಓದಲಿಕ್ಕೇ ಒಂದು ನಿಮಿಷ ಬೇಕು. ಆಮೇಲೆ ಸೆಕೆಂಡಿಗೆ ಐದಾರು ಟೋಕನ್‌ನಂತೆ ಬರೆಯುತ್ತದೆ.

ದುಡ್ಡಿನ ಮಾತು. ಕ್ಲೌಡ್‌ನಲ್ಲಿ ಬಿಲ್ ಹಾಕುವುದೂ ಟೋಕನ್ ಲೆಕ್ಕದಲ್ಲೇ, ಅಂದರೆ ಅದೇ ವಿಷಯಕ್ಕೆ ಕನ್ನಡದವರು ಜಾಸ್ತಿ ಕೊಡಬೇಕು. ಆದರೆ ಅಕ್ಕನದು ತಿಂಗಳಿಗೆ ಎರಡೂವರೆ ಲಕ್ಷ ಟೋಕನ್ ಕೂಡ ಆಗುವುದಿಲ್ಲ. ಅಗ್ಗದ ಸೇವೆಯಲ್ಲಿ ಅದು ಚಿಲ್ಲರೆ ಕಾಸು. ಒಬ್ಬರ ಬಳಕೆಗೆ ಉಳಿತಾಯವೇ ಕಾರಣ ಎಂದು ನಾನು ಹೇಳಲಾರೆ. ಸಾವಿರಾರು ಜನ ಬಳಸುವ ಆ್ಯಪ್ ಮಾಡುವವನ ಲೆಕ್ಕ ಬೇರೆ. ಬಳಸುವವರು ಹೆಚ್ಚಾದಂತೆ ಅವನ ಕ್ಲೌಡ್ ಬಿಲ್ ಏರುತ್ತದೆ, ಫೋನಿನಲ್ಲೇ ಓಡಿಸಿದರೆ ಏರುವುದಿಲ್ಲ. ಇಲ್ಲಿ ಖರ್ಚಾಗುವುದು ಬಳಸುವವರ ಬ್ಯಾಟರಿ. ಅಕ್ಕನ ಫೋನ್ ಆರು ಟಿಪ್ಪಣಿಗೆ ಕೈಗೆ ತಾಗುವಷ್ಟು ಬಿಸಿಯಾಗುತ್ತದೆ.

ನಿಜವಾಗಿ ನನ್ನನ್ನು ಹೆದರಿಸಿದ್ದು ಇನ್ನೊಂದು. "ಮಾತ್ರೆ ನಿಲ್ಲಿಸಿಲ್ಲ" ಎಂದು ಅಕ್ಕ ಬರೆದಿದ್ದಳು. ಸಾರಾಂಶದಲ್ಲಿ "ಮಾತ್ರೆ ನಿಲ್ಲಿಸಿದ್ದಾರೆ" ಎಂದು ಬಂತು. ನಮ್ಮ 'ಇಲ್ಲ' ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ, ಸಣ್ಣ ಮಾಡೆಲ್ ಅದನ್ನು ಜಾರಿಸಿಬಿಟ್ಟಿತು. ಓದಲು ಮಾತ್ರ ವಾಕ್ಯ ಚೆನ್ನಾಗಿಯೇ ಇತ್ತು, ಅದೇ ಅಪಾಯ.

ಹಾಗಾಗಿ ಸಾರಾಂಶ ಕೇಳುವುದನ್ನೇ ಬಿಟ್ಟೆ. "ಮುಖ್ಯವಾದ ನಾಲ್ಕು ವಾಕ್ಯ ಆರಿಸು, ಒಂದಕ್ಷರ ಬದಲಿಸದೆ ಬರೆ, ಸಾಲಿಗೊಂದು" ಎಂದೆ. ಬದಲಿಸಿತೋ ಇಲ್ಲವೋ ನೋಡಲು ಪೈಥಾನ್‌ನ ಎರಡು ಸಾಲು ಸಾಕಾಯಿತು. ಇಲ್ಲಿ note ಎಂದರೆ ಅಕ್ಕನ ಟಿಪ್ಪಣಿ, out ಎಂದರೆ ಮಾಡೆಲ್ ಕೊಟ್ಟಿದ್ದು.

```
for l in out.splitlines():
    print("  " if l.strip() in note else "??", l)
```

ಮೂಲದಲ್ಲಿ ಇಲ್ಲದ ಸಾಲಿನ ಮುಂದೆ ಪ್ರಶ್ನೆಚಿಹ್ನೆ ಬೀಳುತ್ತದೆ. ಮುಖ್ಯವಾದ ವಾಕ್ಯವನ್ನೇ ಆರಿಸದೆ ಬಿಟ್ಟರೆ ಇದು ಹಿಡಿಯುವುದಿಲ್ಲ. ಅದಕ್ಕೆ ಅಕ್ಕ ಪೂರ್ತಿ ಟಿಪ್ಪಣಿಯ ಮೇಲೂ ಒಮ್ಮೆ ಕಣ್ಣಾಡಿಸುತ್ತಾಳೆ.

ಕೆಲಸ ಮಾಡುವಾಗ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರುತ್ತದೆ. ಆಮೇಲೆ ನೋಡಿದರೆ ಆ ಟಿಪ್ಪಣಿಗಳೆಲ್ಲ ನೋಟ್ಸ್ ಆ್ಯಪ್‌ನಿಂದ ಎಷ್ಟೋ ದಿನಗಳಿಂದ ತಾವಾಗಿಯೇ ಕ್ಲೌಡ್‌ಗೆ ಬ್ಯಾಕಪ್ ಆಗುತ್ತಿದ್ದವು! ಇಷ್ಟೆಲ್ಲ ಮಾಡಿ ಹಿತ್ತಿಲ ಬಾಗಿಲು ತೆರೆದೇ ಇತ್ತು. ಅದನ್ನು ಆಫ್ ಮಾಡಿ ಹಳೆಯದನ್ನು ಅಳಿಸಲು ಒಂದು ಭಾನುವಾರ ಪೂರ್ತಿ ಹೋಯಿತು.