ಗ್ಯಾಸ್ ಕನೆಕ್ಷನ್ ವಾಪಸ್ ಕೊಟ್ಟೆ, ಕೈಗೆ ಬಂದಿದ್ದು 3,800

ಹೋದ ವರ್ಷ ದಾವಣಗೆರೆಯ ಮನೆ ಖಾಲಿ ಮಾಡಿ ಬೆಂಗಳೂರಿಗೆ ಬಂದೆವು. ಇಲ್ಲಿನ ಫ್ಲ್ಯಾಟಿನಲ್ಲಿ ಪೈಪ್ ಗ್ಯಾಸ್ ಇದೆ, ಹಾಗಾಗಿ ಊರಿನ ಎರಡು ಸಿಲಿಂಡರಿಗೆ ಇನ್ನು ಕೆಲಸವಿಲ್ಲ. ಯಾರಿಗಾದರೂ ಕೊಟ್ಟುಬಿಡಿ ಎಂದು ಪಕ್ಕದ ಮನೆಯವರು ಹೇಳಿದರು. ಆದರೆ ಸಿಲಿಂಡರ್ ನಮ್ಮದೇ ಅಲ್ವಲ್ಲ! ಅದು ಕಂಪನಿಯ ಆಸ್ತಿ. ನಾವು ಡೆಪಾಸಿಟ್ ಕೊಟ್ಟು ಇಟ್ಟುಕೊಂಡಿರುತ್ತೇವೆ, ಅಷ್ಟೆ. ರೆಗ್ಯುಲೇಟರ್ ಕಥೆಯೂ ಅದೇ. ವಾಪಸ್ ಕೊಟ್ಟರೆ ಡೆಪಾಸಿಟ್ ಸಿಗುತ್ತದೆ. ಬಡ್ಡಿ ಮಾತ್ರ ಇಲ್ಲ.

ಎಷ್ಟು ಸಿಗುತ್ತದೆ ಎನ್ನುವ ಲೆಕ್ಕದಲ್ಲೇ ನಾನು ಮೊದಲು ಎಡವಿದ್ದು. ಈಗ 14.2 ಕೆ.ಜಿ. ಸಿಲಿಂಡರಿಗೆ ಡೆಪಾಸಿಟ್ 2,200, ರೆಗ್ಯುಲೇಟರಿಗೆ 250. ಎರಡು ಸಿಲಿಂಡರಿಗೆ 4,400, ಮೇಲೆ 250, ಒಟ್ಟು 4,650 ಬರುತ್ತದೆ ಅಂತ ಮನಸ್ಸಲ್ಲೇ ಗುಣಿಸಿಕೊಂಡಿದ್ದೆ. ಹಾಗಲ್ಲ. ನೀವು ಕಟ್ಟಿದ ದಿನ ಎಷ್ಟಿತ್ತೋ ಅಷ್ಟೇ ವಾಪಸ್. ಅದು ಬರೆದಿರುವುದು ಎಸ್‌ವಿಯಲ್ಲಿ, ಅಂದರೆ ಸಬ್‌ಸ್ಕ್ರಿಪ್ಷನ್ ವೋಚರಿನಲ್ಲಿ. ಕನೆಕ್ಷನ್ ತೆಗೆದುಕೊಂಡಾಗ ಕೊಡುವ ಆ ಕಾಗದವನ್ನು ಗ್ಯಾಸ್ ಪುಸ್ತಕದೊಳಗೆ ಮಡಚಿಟ್ಟು ಎಲ್ಲರೂ ಮರೆಯುತ್ತೇವೆ.

ನನ್ನ ಹತ್ತಿರ ಎರಡು ಎಸ್‌ವಿ ಇರಬೇಕಿತ್ತು. 2013ರಲ್ಲಿ ಕನೆಕ್ಷನ್ ಮಾಡಿಸಿದಾಗ ಒಂದು ಸಿಲಿಂಡರಿಗೆ 1,450, ರೆಗ್ಯುಲೇಟರಿಗೆ 150. ಎರಡನೇ ಸಿಲಿಂಡರ್ ತೆಗೆದುಕೊಂಡಿದ್ದು 2023ರಲ್ಲಿ. ಅಷ್ಟರಲ್ಲಿ, 2022ರ ಜೂನಿನಿಂದ, ದರ 2,200 ಆಗಿತ್ತು. ಹಾಗಾಗಿ ನನಗೆ ಬರಬೇಕಾಗಿದ್ದು 1,450, 150 ಮತ್ತು 2,200 ಸೇರಿ 3,800. ಒಂದೇ ಮನೆಯಲ್ಲಿ ಒಂದೇ ಥರ ಕಾಣುವ ಎರಡು ಸಿಲಿಂಡರಿಗೆ ಎರಡು ಬೆಲೆ!

ಎರಡನೇ ಎಸ್‌ವಿ ಸಿಗಲೇ ಇಲ್ಲ. ಟ್ರಂಕು, ಬೀರು, ಹಳೇ ಕರೆಂಟ್ ಬಿಲ್ಲಿನ ಕಟ್ಟು ಎಲ್ಲ ಜಾಲಾಡಿದ್ದಾಯ್ತು. ಏಜೆನ್ಸಿಯಲ್ಲಿ ಕೇಳಿದರೆ ಕಂಪ್ಯೂಟರಿನಲ್ಲಿ ನನ್ನ ಗ್ರಾಹಕ ಸಂಖ್ಯೆ ಹಾಕಿ ನೋಡಿದರು, ಎರಡು ಸಿಲಿಂಡರೂ ಡೆಪಾಸಿಟ್ಟೂ ಕಂಡವು. ಎಸ್‌ವಿ ಕಳೆದಿದೆ ಎಂದು ಒಂದು ಮುಚ್ಚಳಿಕೆ ಬರೆದುಕೊಟ್ಟೆ, ಆಧಾರ್ ಜೆರಾಕ್ಸ್ ಕೊಟ್ಟೆ. ಕನೆಕ್ಷನ್ ನನ್ನ ಹೆಸರಿನಲ್ಲೇ ಇದ್ದಿದ್ದರಿಂದ ತಲೆನೋವು ಜಾಸ್ತಿ ಆಗಲಿಲ್ಲ. ತೀರಿಕೊಂಡ ಅಪ್ಪನ ಹೆಸರಿನಲ್ಲಿ ಇನ್ನೂ ಕನೆಕ್ಷನ್ ಇಟ್ಟುಕೊಂಡಿರುವವರು ಅದನ್ನು ಮೊದಲು ಸರಿಮಾಡಿಕೊಳ್ಳಿ.

ಬೆಳಿಗ್ಗೆಯೇ ಆಟೋದಲ್ಲಿ ಎರಡೂ ಸಿಲಿಂಡರ್ ಹೊತ್ತುಕೊಂಡು ಹೋದೆ. ಒಂದರಲ್ಲಿ ಸ್ವಲ್ಪ ಗ್ಯಾಸ್ ಉಳಿದಿತ್ತು, ಅದಕ್ಕೆ ಒಂದು ಪೈಸೆಯೂ ಸಿಗಲಿಲ್ಲ. ಕೊನೆಯ ವಾರ ಮನೆಯಲ್ಲಿ ಹೋಳಿಗೆ ಮಾಡಿದ್ದರೆ ಆಗ್ತಿತ್ತು. ಬಾಯಿಗೆ ದಾರದ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡೇ ಒಯ್ಯಿರಿ, ಅದಿಲ್ಲದೆ ದಾರಿಯಲ್ಲಿ ಒಯ್ಯುವುದು ಅಪಾಯ.

ಕೌಂಟರಿನ ಹುಡುಗ ರೆಗ್ಯುಲೇಟರನ್ನು ಕೈಯಲ್ಲಿ ತಿರುಗಿಸಿ ನೋಡಿದ. ಗುಬುಟನ್ನು ಎರಡು ಸಲ ಆನ್ ಆಫ್ ಮಾಡಿದ, ಕೆಳಗಿನ ಕಂಪನಿ ಮುದ್ರೆಯನ್ನು ಬೆರಳಿನಿಂದ ಉಜ್ಜಿ ನೋಡಿದ. ಅಂಗಡಿಯಿಂದ ತಂದ ನಕಲಿ ರೆಗ್ಯುಲೇಟರ್ ಕೊಡುವವರು ಬಹಳ ಮಂದಿಯಂತೆ. ಆಮೇಲೆ, 'ಇದು ತುಂಬಾ ಹಳೇದು ಸಾರ್, ಇದರ ದುಡ್ಡು ಬರಲ್ಲ' ಅಂದ. 'ಸರಿನಪ್ಪಾ, ಹಳೇದು ಅಂತ 150 ಹಿಡಿದುಕೊಂಡಿದ್ದೀವಿ ಅಂತ ಟಿವಿಯಲ್ಲೇ ಬರೆದುಕೊಡು' ಅಂದೆ. ಒಳಗೆ ಹೋಗಿ ಬಂದ, ಮತ್ತೆ ಆ ಮಾತು ಎತ್ತಲಿಲ್ಲ. ರೆಗ್ಯುಲೇಟರ್ ಕಳೆದುಹೋಗಿದ್ದರೆ ಮಾತ್ರ ಬೇರೆ ಲೆಕ್ಕ. ಆಗ ಪೊಲೀಸ್ ದೂರು ಕೇಳುತ್ತಾರೆ, ದಂಡವೂ ಬೀಳುತ್ತದೆ.

ಟಿವಿ ಅಂದರೆ ಮನೆಯ ಟಿವಿ ಅಲ್ಲ, ಟರ್ಮಿನೇಷನ್ ವೋಚರ್. ಕನೆಕ್ಷನ್ ಮುಗಿಯಿತು ಎನ್ನುವ ದಾಖಲೆ ಅದು. ಸಿಲಿಂಡರ್ ಎಷ್ಟು, ರೆಗ್ಯುಲೇಟರ್ ಎಷ್ಟು, ಕೊಟ್ಟ ಹಣ ಎಷ್ಟು ಎಂದು ಅದರಲ್ಲಿರುತ್ತದೆ. ಸಹಿ ಹಾಕುವ ಮೊದಲು ಸಿಲಿಂಡರ್ ಸಂಖ್ಯೆ ಎರಡು ಅಂತಲೇ ಇದೆಯಾ ನೋಡಿಕೊಳ್ಳಿ. ನನ್ನದರಲ್ಲಿ ಮೊದಲು ಒಂದು ಅಂತ ಬಂದಿತ್ತು, ಮೊದಲನೇ ಎಸ್‌ವಿ ಮಾತ್ರ ನೋಡಿ ಟೈಪ್ ಮಾಡಿದ್ದರು. ಸುಮ್ನೆ ಸಹಿ ಹಾಕಿದ್ದರೆ 2,200 ಹೋಗ್ತಿತ್ತು. ಆ ಟಿವಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಬೇರೆ ಊರಲ್ಲಿ ಕನೆಕ್ಷನ್ ಬೇಕಾದರೆ ಅದನ್ನೇ ಕೇಳುತ್ತಾರೆ.

ಕನೆಕ್ಷನ್ ಮಾಡಿಸಿದಾಗ ಕೊಟ್ಟ ಎಲ್ಲ ಹಣವೂ ಡೆಪಾಸಿಟ್ ಅಲ್ಲ. ಪೈಪ್, ಪುಸ್ತಕ, ಮನೆಗೆ ಬಂದು ಜೋಡಿಸಿದ ಕೂಲಿ, ಇವೆಲ್ಲ ಖರ್ಚು, ವಾಪಸ್ ಬರಲ್ಲ. ಉಜ್ವಲ ಯೋಜನೆಯ ಕನೆಕ್ಷನ್ ಆಗಿದ್ದರೆ ಡೆಪಾಸಿಟ್ ಸರ್ಕಾರ ಭರಿಸಿರುತ್ತದೆ, ಹಾಗಾಗಿ ನಮ್ಮ ಕೈಗೆ ಏನೂ ಸಿಗುವುದಿಲ್ಲ.

ಒಲೆ ನಮ್ಮದೇ, ಅದನ್ನು ಯಾರೂ ಕೇಳಲಿಲ್ಲ. ಆದರೆ ಪೈಪ್ ಗ್ಯಾಸಿಗೆ ಅದರ ಜೆಟ್ ಬದಲಾಯಿಸಬೇಕು, ಹಾಗೇ ಹಚ್ಚಿದರೆ ಉರಿ ಸರಿ ಬರಲ್ಲ. ನಮ್ಮದು ಹಳೇ ಒಲೆ, ನಾದಿನಿಯ ಮನೆಗೆ ಹೋಯ್ತು.