ಲ್ಯಾಪ್‌ಟಾಪ್ ಹೊಸದು, ಲೈಸೆನ್ಸ್ ಹಳೆಯದು: ವರ್ಗಾವಣೆಗೆ ಪತ್ರ ಬರೆಯುವುದು ಹೇಗೆ?

ಕಂಪನಿಯ ಲ್ಯಾಪ್‌ಟಾಪ್‌ಗಳನ್ನೆಲ್ಲ ಬದಲಾಯಿಸಿದ್ದಾಯಿತು. ಆದರೆ ಡಿಸೈನ್ ಸಾಫ್ಟ್‌ವೇರ್ ಮಾತ್ರ ತೆರೆಯುತ್ತಿಲ್ಲ. ಇಂಥ ಕೆಲವು ಲೈಸೆನ್ಸ್‌ಗಳು ಒಂದೊಂದು ಯಂತ್ರಕ್ಕೇ ಅಂಟಿಕೊಂಡಿರುತ್ತವೆ. ಯಂತ್ರದ ಗುರುತಾಗಿ ಹೆಚ್ಚಾಗಿ ಅದರ ನೆಟ್‌ವರ್ಕ್ ಕಾರ್ಡ್‌ನ ವಿಳಾಸ, ಅಂದರೆ ಮ್ಯಾಕ್ ಅಡ್ರೆಸ್ ಇರುತ್ತದೆ. ಯಂತ್ರ ಬದಲಾದರೆ ಮಾರಿದವರೇ ಹೊಸ ಲೈಸೆನ್ಸ್ ಫೈಲ್ ಮಾಡಿಕೊಡಬೇಕು.

ಪತ್ರಕ್ಕೂ ಮೊದಲು ಹಳೆಯ ಯಂತ್ರಗಳನ್ನು ನೋಡಿ. ಅವನ್ನು ಫಾರ್ಮ್ಯಾಟ್ ಮಾಡುವ ಮುನ್ನ ಸಾಫ್ಟ್‌ವೇರ್‌ನಲ್ಲಿ ‘ಡೀಆಕ್ಟಿವೇಟ್’ ಇದ್ದರೆ ಇಂಟರ್ನೆಟ್ ಇರುವಾಗಲೇ ಒತ್ತಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದರೆ ಲೈಸೆನ್ಸ್ ಬಿಡುಗಡೆ ಆಗಿಯೇ ಬಿಡುತ್ತದೆ ಅಂತಿಲ್ಲ.

ಇನ್ನು ಹೊಸ ಯಂತ್ರದ ಗುರುತು. ಜಾಸ್ತಿ ಎಡವಟ್ಟಾಗುವುದು ಇಲ್ಲೇ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
getmac /v
```

ನಾಲ್ಕೈದು ವಿಳಾಸಗಳು ಬರಬಹುದು. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಕೇಬಲ್ ಚುಚ್ಚುವ ಜಾಗವೇ ಇರುವುದಿಲ್ಲ. ಪಟ್ಟಿಯಲ್ಲಿ ಕಾಣುವ ಈಥರ್ನೆಟ್ ಮೇಜಿನ ಮೇಲಿನ ಡಾಕ್‌ನದ್ದಾಗಿರಬಹುದು. ಅದನ್ನೇ ಬರೆದು ಕೊಟ್ಟರೆ ಲೈಸೆನ್ಸ್ ಡಾಕ್‌ಗೆ ಅಂಟಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮನೆಗೆ ಒಯ್ದರೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ಹಾಗಾಗಿ ಡಾಕ್ ಕಿತ್ತು, ವೈಫೈ ಸೆಟ್ಟಿಂಗ್‌ನಲ್ಲಿ ರ್‍ಯಾಂಡಮ್ ವಿಳಾಸದ ಆಯ್ಕೆ ಆಫ್ ಮಾಡಿ, ಆಮೇಲೆ ಅದೇ ಕಮಾಂಡ್ ಮತ್ತೆ ಕೊಟ್ಟು ವೈಫೈ ಸಾಲಿನ ವಿಳಾಸ ಬರೆದುಕೊಳ್ಳಿ.

ಈಗ ಪತ್ರ. 12 ಲೈಸೆನ್ಸ್ ಇದ್ದು, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಕೆಟ್ಟುಹೋಗಿವೆ ಅಂದುಕೊಳ್ಳಿ:

“ಮಾನ್ಯರೇ,

ವಿಷಯ: 12 ಲೈಸೆನ್ಸ್‌ಗಳನ್ನು ಹೊಸ ಲ್ಯಾಪ್‌ಟಾಪ್‌ಗಳಿಗೆ ವರ್ಗಾಯಿಸುವ ಕುರಿತು.

ನಾವು ಖರೀದಿಸಿದ 12 ಲೈಸೆನ್ಸ್‌ಗಳ ಇನ್‌ವಾಯ್ಸ್ ಪ್ರತಿ ಲಗತ್ತಿಸಿದ್ದೇವೆ. ನಮ್ಮ ಲ್ಯಾಪ್‌ಟಾಪ್‌ಗಳನ್ನೆಲ್ಲ ಬದಲಾಯಿಸಿದ್ದೇವೆ. ಬಳಕೆದಾರರ ಸಂಖ್ಯೆ ಹೆಚ್ಚಿಲ್ಲ. 10 ಹಳೆಯ ಯಂತ್ರಗಳಲ್ಲಿ ಡೀಆಕ್ಟಿವೇಟ್ ಮಾಡಿದ್ದೇವೆ. ಉಳಿದ 2 ಕೆಟ್ಟಿರುವುದರಿಂದ ಮಾಡಲಾಗಿಲ್ಲ. ಅವುಗಳಲ್ಲಿ ಈ ಸಾಫ್ಟ್‌ವೇರ್ ಮತ್ತೆ ಬಳಸುವುದಿಲ್ಲವೆಂದು ದೃಢೀಕರಿಸುತ್ತೇವೆ. ದಯವಿಟ್ಟು ಆ ಎರಡನ್ನು ನಿಮ್ಮ ಕಡೆಯಿಂದ ಬಿಡುಗಡೆ ಮಾಡಿ, ಲಗತ್ತಿಸಿದ ಪಟ್ಟಿಯಂತೆ ಹೊಸ ಲೈಸೆನ್ಸ್ ಫೈಲ್‌ಗಳನ್ನು ಕಳಿಸಿ.”

ಕೆಟ್ಟ ಎರಡರ ಮಾತನ್ನು ಮುಚ್ಚಿಡಬೇಡಿ. ಅವರ ಸರ್ವರ್‌ನಲ್ಲಿ ಆ ಎರಡು ಇನ್ನೂ ಬಳಕೆಯಲ್ಲಿವೆ ಎಂದೇ ಕಾಣುತ್ತಿರುತ್ತದೆ, ಅಲ್ವಾ? ನೀವೇ ಹೇಳಿಬಿಟ್ಟರೆ ಅನುಮಾನಕ್ಕೆ ಜಾಗವಿರುವುದಿಲ್ಲ.

ಪಟ್ಟಿಯಲ್ಲಿ ಒಂದು ಲೈಸೆನ್ಸ್‌ಗೆ ಒಂದು ಸಾಲು: ಲೈಸೆನ್ಸ್ ಸಂಖ್ಯೆ, ಹಳೆಯ ಮ್ಯಾಕ್, ಹೊಸ ಮ್ಯಾಕ್, ಡೀಆಕ್ಟಿವೇಟ್ ಆದ ದಿನ. ಫೋಟೊ ಬೇಡ, ಎಕ್ಸೆಲ್ ಕಳಿಸಿ. ಅವರು ಕಾಪಿ ಮಾಡಿಕೊಳ್ಳುತ್ತಾರೆ, ಅಂಕಿ ತಪ್ಪುವುದಿಲ್ಲ. ಪತ್ರಕ್ಕೆ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಆ ಕಂಪನಿಯ ಲೆಟರ್‌ಹೆಡ್ ಇರಲಿ.

ಹಳೆಯ ಲ್ಯಾಪ್‌ಟಾಪ್ ಜೊತೆಗೇ ಬಂದ ಸಾಫ್ಟ್‌ವೇರ್‌ಗಳನ್ನು ಈ ಪತ್ರದಲ್ಲಿ ಸೇರಿಸಬೇಡಿ. ಅಂಥ ಲೈಸೆನ್ಸ್ ಸಾಮಾನ್ಯವಾಗಿ ಆ ಯಂತ್ರದ ಜೊತೆಗೇ ಮುಗಿಯುತ್ತದೆ.

ಹೊಸ ಫೈಲ್‌ಗಳು ಬಂದ ಮೇಲೆ ಮೊದಲು ಒಂದೇ ಲ್ಯಾಪ್‌ಟಾಪ್‌ಗೆ ಹಾಕಿ. ಡಾಕ್ ಕಿತ್ತು, ಯಂತ್ರ ರೀಸ್ಟಾರ್ಟ್ ಮಾಡಿ, ಸಾಫ್ಟ್‌ವೇರ್ ತೆರೆಯಿರಿ. ತೆರೆದರೆ ಉಳಿದ 11ಕ್ಕೂ ಹಾಕಬಹುದು.