8 ರ‍್ಯಾಕೆಟ್, 35 ಮಕ್ಕಳು: ಕ್ಲಿಯರ್ ಕಲಿಸಿದ ನನ್ನ ಅನುಭವ

ಬ್ಯಾಡ್ಮಿಂಟನ್ ಕಲಿಯಲು ಬಂದ ಮಕ್ಕಳ ಕೈಗೆ ಮೊದಲ ಎರಡು ವಾರ ರ‍್ಯಾಕೆಟ್ ಕೊಡುವುದಿಲ್ಲ, ಅದರ ಹಿಡಿ ಮಾತ್ರ ಎಂದಾಗ ನಕ್ಕವರೇ ಜಾಸ್ತಿ. "ಫೀಸು ಕಟ್ಟಿರೋದು ಕೋಲು ಹಿಡಿಯೋಕಾ ಸಾರ್?" ಎಂದು ಒಬ್ಬರು ತಂದೆ ನೇರವಾಗಿಯೇ ಕೇಳಿದರು. ಈಗ ಅವರ ಎರಡನೇ ಮಗಳೂ ನನ್ನ ಹತ್ತಿರವೇ ಬರುತ್ತಾಳೆ.

ನಮ್ಮದು ತುಮಕೂರಿನ ಒಂದು ಸಮುದಾಯ ಭವನ. ಕೋರ್ಟ್ ಒಂದೇ, ಮಕ್ಕಳು 35ರ ಆಸುಪಾಸು, ತಂತಿ ಸರಿ ಇರುವ ರ‍್ಯಾಕೆಟ್ 8. ಮುಹೂರ್ತ ಇದ್ದ ದಿನ ಆಟ ಬಂದ್. ಪ್ರಕಾಶ್ ಪಡುಕೋಣೆ ಕೂಡ ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲ್‌ನಲ್ಲೇ ಆಡಿ ಬೆಳೆದವರು ಎಂದು ಪೋಷಕರಿಗೆ ಹೇಳಿ ಸಮಾಧಾನ ಮಾಡುತ್ತೇನೆ.

ಮೊದಲು ಎಲ್ಲರ ಹಾಗೆ ಸರದಿ ಹಾಕಿದ್ದೆ. ಒಬ್ಬ ಆಡುತ್ತಾನೆ, ಮೂವರು ಕಾಯುತ್ತಾರೆ. ಕಾದು ಕಾದು ಕೈಗೆ ರ‍್ಯಾಕೆಟ್ ಬಂದ ಕೂಡಲೇ ಹೇಗಾದರೂ ಷಟಲ್‌ಗೆ ತಾಗಿಸಬೇಕೆಂಬ ಆತುರ. ಆ ಆತುರದಲ್ಲೇ ದೋಸೆ ಮಗುಚುವ ಸೌಟಿನ ಹಾಗೆ ಹಿಡಿಯುತ್ತಾರೆ. ಆ ಹಿಡಿತದಲ್ಲಿ ಷಟಲ್ ಬೇಗ ತಾಗುತ್ತದೆ, ಅದೇ ತೊಂದರೆ. ಮುಂಗೈ ತಿರುಗುವುದಿಲ್ಲ, ಕ್ಲಿಯರ್, ಅಂದರೆ ಎದುರಿನವರ ಹಿಂದಿನ ಗೆರೆಯತ್ತ ಎತ್ತರಕ್ಕೆ ಹೊಡೆಯುವ ಏಟು, ಅರ್ಧ ಕೋರ್ಟಿಗೇ ಸತ್ತುಹೋಗುತ್ತದೆ.

ಹೊಸದಾಗಿ 20 ರ‍್ಯಾಕೆಟ್ ತರೋಣವೆಂದರೆ, ಸಾದಾದ್ದೇ 700 ರೂಪಾಯಿ ಹಿಡಿದರೂ 14 ಸಾವಿರ. ಹಾಲ್ ಬಾಡಿಗೆ ಕಟ್ಟಿದ ಮೇಲೆ ಅಷ್ಟು ಉಳಿಯುವುದೇ ಇಲ್ಲ. ಆಗ ಕಣ್ಣಿಗೆ ಬಿದ್ದದ್ದು ದೊಡ್ಡವರ ಬ್ಯಾಚಿನವರು ಮೂಲೆಗೆ ಎಸೆದಿದ್ದ ಫ್ರೇಮ್ ಮುರಿದ ರ‍್ಯಾಕೆಟ್‌ಗಳು. ತಲೆ ಕತ್ತರಿಸಿ ಹಿಡಿ ಮತ್ತು ಶಾಫ್ಟ್ ಮಾತ್ರ ಉಳಿಸಿಕೊಂಡೆ. ತುದಿಗೆ ಟೇಪ್ ಸುತ್ತಿದೆ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಹೊಸ ಗ್ರಿಪ್ ಸೇರಿ ಒಟ್ಟು ಖರ್ಚು ಸಾವಿರದ ಐನೂರು ದಾಟಿಲ್ಲ.

ಎಂಟು ಮೂಲೆಯ ಹಿಡಿ ಅಸಲಿಯೇ ಆದ್ದರಿಂದ ಹೆಬ್ಬೆರಳು, ತೋರುಬೆರಳ ನಡುವಿನ ವಿ ಆಕಾರ ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ. ತಾಗಿಸಲು ಷಟಲ್ ಇಲ್ಲ, ಹಾಗಾಗಿ ಹಿಡಿತ ಕೆಡಿಸಿಕೊಳ್ಳುವ ಆಸೆಯೂ ಇಲ್ಲ. ಬೀಸಿದಾಗ ಶಾಫ್ಟ್ 'ಸುಯ್' ಎನ್ನುತ್ತದೆ. ಆ ಸದ್ದು ತಲೆಯ ಹಿಂದೆ ಬಂದರೆ ಬಲವೆಲ್ಲ ಬೇಗ ಖರ್ಚಾಗಿದೆ ಎಂದರ್ಥ. ತಲೆಯ ಮೇಲೆ, ಸ್ವಲ್ಪ ಮುಂದೆ ಬರಬೇಕು. ಕೈ ಬಿಗಿಯಾಗಿದ್ದರೆ ಸದ್ದೇ ಬರುವುದಿಲ್ಲ. ಗದ್ದಲದ ಹಾಲ್‌ನಲ್ಲಿ ಕೇಳುತ್ತದಾ ಎಂದರೆ, ಐದೈದು ಮಕ್ಕಳನ್ನು ಹತ್ತಿರ ಕರೆದು ಕೇಳುತ್ತೇನೆ.

ಫುಟ್‌ವರ್ಕ್‌ನಲ್ಲಿ ಆರು ಮೂಲೆಯ ಆಸೆ ಬಿಟ್ಟೆ. ಬಲ ಹಿಂದಿನ ಮೂಲೆ ಒಂದೇ. ಸ್ಪ್ಲಿಟ್ ಸ್ಟೆಪ್ ಎಂಬ ಸಣ್ಣ ಜಿಗಿತ, ಬಲಗಾಲು ಹಿಂದಕ್ಕೆ ಹಾಕಿ ಅಡ್ಡ ತಿರುಗು, ಶಾಸೆ ಎಂಬ ಜಾರು ಹೆಜ್ಜೆ ಒಂದು, ಬೀಸು, ಕಾಲು ಬದಲಿಸಿ ಮುಂದೆ ಬಾ. ಸಾಲಾಗಿ ನಿಲ್ಲಿಸಿ, ಚಾಕ್ ಗೆರೆ ಎಳೆದು, ಒಂದೇ ಸೀಟಿಗೆ ಎಲ್ಲರೂ ಒಂದೇ ದಿಕ್ಕಿಗೆ ಸರಿದರೆ ಡಿಕ್ಕಿ ಇಲ್ಲ. ಎಡಗೈ ಮಕ್ಕಳು ಮಾತ್ರ ಉಲ್ಟಾ ಹೋಗುತ್ತಾರೆ, ಅವರಿಗೆ ಕೊನೆಯ ಸಾಲು.

ಇದರ ಜೊತೆಗೇ ಹಳೆಯ ಗರಿ ಷಟಲ್ ಎಸೆಯುವುದು. ಅಡ್ಡ ನಿಂತು, ಎಡಗೈ ಮೇಲೆತ್ತಿ, ಮೊಣಕೈ ಮುಂದೆ ತಂದು ನೆಟ್ ದಾಟಿಸಬೇಕು. ಇದರಲ್ಲಿ ಕ್ಲಿಯರ್‌ನ ಮುಕ್ಕಾಲು ಭಾಗ ಇದೆ, ಖರ್ಚು ಸೊನ್ನೆ.

ಮೂರನೇ ವಾರ ರ‍್ಯಾಕೆಟ್. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಷಟಲ್ ನೇತುಹಾಕುತ್ತೇನೆ. ಮಗು ತುದಿಗಾಲಲ್ಲಿ ಕೈ ಚಾಚಿದರೆ ತಂತಿಯ ನಡುಭಾಗ ತಾಗುವಷ್ಟು ಎತ್ತರ. ಏಟಿಗೆ ದಾರ ಕಿತ್ತುಹೋಗದ ಹಾಗೆ ಹಾಕುವ ಗಂಟು ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ! ನಾಲ್ಕು ರ‍್ಯಾಕೆಟ್ ಅಲ್ಲಿ, ನಾಲ್ಕು ಕೋರ್ಟ್‌ನಲ್ಲಿ, ನೆಟ್‌ನ ಎರಡೂ ಕಡೆ ಇಬ್ಬಿಬ್ಬರು. ದೊಡ್ಡ ಹುಡುಗರು ಎದುರಿನಿಂದ ಕೈಯಲ್ಲೇ ಎತ್ತರಕ್ಕೆ ಎಸೆದುಕೊಡುತ್ತಾರೆ. ಉಳಿದವರು ಹಿಡಿ ಬೀಸುತ್ತಿರುತ್ತಾರೆ ಇಲ್ಲವೇ ಸಾಲಿನಲ್ಲಿ ಓಡುತ್ತಿರುತ್ತಾರೆ. ಸುಮ್ನೆ ಕೂರುವವರಿಲ್ಲ.

ಷಟಲ್ ನೆಟ್ಟಗೆ ಸೂರಿನತ್ತ ಹೋದರೆ ಮಗು ಅದರ ಕೆಳಗೇ ಉಳಿದಿದೆ, ಕಾಲು ತಡವಾಗಿದೆ. ನೆಟ್‌ಗೆ ಬಡಿದರೆ ಷಟಲ್ ತೀರಾ ಮುಂದೆ ಇಳಿಯುವವರೆಗೆ ಮಗು ಕಾದಿದೆ. ಎತ್ತರ ಸರಿಯಿದ್ದೂ ಮಧ್ಯದಲ್ಲೇ ಬಿದ್ದರೆ ನಾನು ನೋಡುವುದು ಹಿಡಿತವನ್ನು. ಹತ್ತರಲ್ಲಿ ಏಳೆಂಟು ಸಲ ಅದೇ ಹಳೆಯ ಸೌಟು ವಾಪಸ್ ಬಂದಿರುತ್ತದೆ. ಅವರು ಒಂದು ದಿನ ಮತ್ತೆ ತಲೆಯಿಲ್ಲದ ಹಿಡಿಗೆ ಹೋಗಬೇಕು. ಅಳುತ್ತಾರೆ, ಆದರೂ ಹೋಗಬೇಕು.

ಮಧ್ಯೆ ಬಲೂನು ಹೊಡೆಸಿ ನೋಡಿದೆ. ಫ್ಯಾನ್ ಗಾಳಿಗೆ ಎಲ್ಲೆಲ್ಲೋ ಹಾರಿತು, ಫ್ಯಾನ್ ಆರಿಸಿದರೆ ಪೋಷಕರ ಗಲಾಟೆ. ರ‍್ಯಾಕೆಟ್ ಮೇಲೆ ಕವರ್ ಹಾಕಿ ಬೀಸಿಸಿದ್ದು ದೊಡ್ಡ ಮಕ್ಕಳಿಗೆ ಚೆನ್ನಾಗಿತ್ತು. ಚಿಕ್ಕವರು ಭುಜ ನೋವು ಎಂದರು, ನಿಲ್ಲಿಸಿದೆ.

ಎರಡು ತಿಂಗಳ ಹೊತ್ತಿಗೆ 20ಕ್ಕೂ ಹೆಚ್ಚು ಮಕ್ಕಳು ಹಿಂದಿನ ಗೆರೆಯಿಂದ ಹೊಡೆದು ಎದುರಿನ ಹಿಂಬದಿಯ ಡಬಲ್ಸ್ ಸರ್ವಿಸ್ ಗೆರೆಯ ಹತ್ತಿರ ಬೀಳಿಸುತ್ತಿದ್ದರು. ಎಂಟು ವರ್ಷದ ಒಳಗಿನವರಿಗೆ ಅಷ್ಟು ದೂರ ಆಗಲಿಲ್ಲ. ಅವರನ್ನು ಕೋರ್ಟ್ ಮಧ್ಯದಿಂದ ಹೊಡೆಸುತ್ತೇನೆ, ಎತ್ತರ ಬಂದರೆ ಸಾಕು. ಬ್ಯಾಕ್‌ಹ್ಯಾಂಡ್ ಮೂಲೆಗೆ ಇನ್ನೂ ಕೈಯೇ ಹಾಕಿಲ್ಲ.